15 ನಿಮಿಷದ ಡೆಮೊ ಕ್ಲಾಸ್, ವಿಷಯ ಭಿನ್ನರಾಶಿ ಸಂಕಲನ: ನನ್ನ ಪ್ಲಾನ್ ನೋಡಿ ಹೇಳ್ತೀರಾ?

ಹೊಸಮೇಡಂ

ಎಲ್ಲರಿಗೂ ನಮಸ್ಕಾರ. ಬರುವ ವಾರ ಒಂದು ಶಾಲೆಯಲ್ಲಿ ನನ್ನ ಡೆಮೊ ಕ್ಲಾಸ್ ಇದೆ. ಆರನೇ ತರಗತಿ ಗಣಿತ. ವಿಷಯ ಅವರೇ ಕೊಟ್ಟಿದ್ದಾರೆ: ಛೇದ ಬೇರೆ ಬೇರೆ ಇರುವ ಭಿನ್ನರಾಶಿಗಳನ್ನು ಕೂಡಿಸುವುದು. 15 ನಿಮಿಷ ಪಾಠ, ಆಮೇಲೆ ಪ್ರಶ್ನೆ. ನಿಜವಾದ ಮಕ್ಕಳು ಇರುವುದಿಲ್ಲ. ಪ್ಯಾನೆಲ್‌ನವರೇ ಮಕ್ಕಳ ಥರ ಕೂತು ಪ್ರಶ್ನೆ ಕೇಳುತ್ತಾರಂತೆ.

ನಾನು ಹೀಗೆ ಪ್ಲಾನ್ ಮಾಡಿದ್ದೇನೆ. ಮೊದಲು 2 ನಿಮಿಷ ಪರಿಚಯ ಮತ್ತು ಮಕ್ಕಳನ್ನು ಮಾತಾಡಿಸುವುದು. ಆಮೇಲೆ 3 ನಿಮಿಷ ಭಿನ್ನರಾಶಿ ಅಂದರೇನು, ಅದರ ವಿಧಗಳು. 3 ನಿಮಿಷ ಲಸಾಅ ನೆನಪಿಸುವುದು. 4 ನಿಮಿಷ ಕೂಡಿಸುವ ವಿಧಾನ, ಎರಡು ಉದಾಹರಣೆ. 2 ನಿಮಿಷ ಮಕ್ಕಳಿಂದ ಲೆಕ್ಕ. ಕೊನೆಯ 1 ನಿಮಿಷ ಹೋಮ್‌ವರ್ಕ್.

ಪಾಠ ಹೇಗೋ ಮಾಡ್ತೀನಿ. ಪ್ರಶ್ನೆಗಳದ್ದೇ ಭಯ. ಏನೇನು ಕೇಳಬಹುದು?

ಕಡೆಬೆಂಚು

ಭಯ ಬೇಡ ಮೇಡಂ. ಪಾಠ ಯಾರು ಕೇಳಿಸಿಕೊಳ್ಳುತ್ತಾರೆ? ಧ್ವನಿ ಕೊನೆಯ ಸಾಲಿನವರೆಗೂ ಕೇಳಬೇಕು, ಬೋರ್ಡ್ ಮೇಲಿನ ಅಕ್ಷರ ದುಂಡಗಿರಬೇಕು, ಮುಖದಲ್ಲಿ ನಗು ಇರಬೇಕು. ಬೋರ್ಡಿಗೆ ಮುಖ ಮಾಡಿಕೊಂಡು ಮಾತಾಡಬೇಡಿ. ಇಷ್ಟು ಸಾಕು. ಇನ್ನೊಂದು ಮಾತು, ಚಿಟ್ಟೆ ವಿಧಾನ ತೋರಿಸಿಬಿಡಿ. ಅಡ್ಡಡ್ಡ ಗುಣಿಸಿ ಕೂಡಿಸಿ ಮೇಲೆ ಬರೆಯುವುದು, ಕೆಳಗಿನ ಎರಡನ್ನು ಗುಣಿಸಿ ಕೆಳಗೆ ಬರೆಯುವುದು. ಅರ್ಧ ನಿಮಿಷದಲ್ಲಿ ಉತ್ತರ ಬರುತ್ತೆ, ಪ್ಯಾನೆಲ್ ಖುಷಿಯಾಗುತ್ತೆ.

ಸೀಮೆಸುಣ್ಣ

ನಾನು ಹಲವು ವರ್ಷ ಗಣಿತ ಕಲಿಸಿದವನು. ಈಗ ಆಗಾಗ ಪ್ಯಾನೆಲ್‌ನಲ್ಲೂ ಕೂರುತ್ತೇನೆ. ಕಡೆಬೆಂಚು ಹೇಳಿದ ಧ್ವನಿ, ಅಕ್ಷರದ ಮಾತು ಸರಿ. ಕೇಳಿಸದ ಪಾಠಕ್ಕೆ ಯಾರೂ ಅಂಕ ಕೊಡುವುದಿಲ್ಲ. ಆದರೆ "ಇಷ್ಟು ಸಾಕು" ಅನ್ನುವುದು ತಪ್ಪು.

ಮೇಡಂ, ನಿಮ್ಮ ಪ್ಲಾನ್‌ನಲ್ಲಿ ಸಮಯ ಕೂಡಿಸಿ ನೋಡಿ. ಇವತ್ತಿನ ಪಾಠ ಶುರುವಾಗುವುದೇ ಎಂಟು ನಿಮಿಷ ಕಳೆದ ಮೇಲೆ. ಅದುವರೆಗೆ ಮಕ್ಕಳಿಗೆ ಗೊತ್ತಿರುವುದನ್ನೇ ಹೇಳುತ್ತಿರುತ್ತೀರಿ. 15 ನಿಮಿಷ ಅಂತ ಹೇಳಿ ಹತ್ತಕ್ಕೇ "ಸಾಕು ಮೇಡಂ" ಅನ್ನುವುದು ಪ್ಯಾನೆಲ್‌ಗಳಲ್ಲಿ ಅಪರೂಪವೇನಲ್ಲ. ಹಾಗಾದರೆ ಅವರು ನೋಡಿದ್ದು ಬರೀ ಪುನರಾವರ್ತನೆ ಮತ್ತು ಅರ್ಧ ಉದಾಹರಣೆ. ನಿಮಗೆ ಕಲಿಸಲು ಬರುತ್ತದೋ ಇಲ್ಲವೋ ಅನ್ನುವುದು ಅವರಿಗೆ ಗೊತ್ತಾಗುವುದೇ ಇಲ್ಲ.

ನನ್ನ ಸಲಹೆ ಇಷ್ಟೇ. ಈ ಪಾಠ ಮುಗಿದಾಗ ಮಗುವಿಗೆ ಹೊಸದಾಗಿ ಏನು ಗೊತ್ತಿರಬೇಕು ಅನ್ನುವುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. "ಭಿನ್ನರಾಶಿ ಸಂಕಲನ ಕಲಿಯುತ್ತಾರೆ" ಅಂತ ಬರೆದರೆ ಏನನ್ನೂ ಬರೆದ ಹಾಗಾಗಲಿಲ್ಲ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: "1/2 + 1/3 ಯಾಕೆ 2/5 ಅಲ್ಲ, ಮತ್ತು ಎರಡನ್ನೂ ಒಂದೇ ಅಳತೆಯ ತುಂಡುಗಳಾಗಿ ಮಾಡಿದರೆ ಉತ್ತರ ಹೇಗೆ ಸಿಗುತ್ತದೆ ಎಂದು ಮಗು ಹೇಳಬಲ್ಲದು." ಈ ವಾಕ್ಯಕ್ಕೆ ಕೆಲಸಕ್ಕೆ ಬಾರದ್ದನ್ನೆಲ್ಲ ಪ್ಲಾನ್‌ನಿಂದ ತೆಗೆಯಿರಿ. ಭಿನ್ನರಾಶಿಯ ವಿಧಗಳು ಹೋದವು. ಲಸಾಅದ ಪ್ರತ್ಯೇಕ 3 ನಿಮಿಷವೂ ಹೋಯಿತು.

ಚಿಟ್ಟೆ ವಿಧಾನದ ಬಗ್ಗೆ: ಉತ್ತರ ಸರಿಯಾಗೇ ಬರುತ್ತದೆ. ಆದರೆ ನೀವು ಅದನ್ನು ತೋರಿಸಿದ ಕೂಡಲೇ ನಾನು ಪ್ಯಾನೆಲ್‌ನಲ್ಲಿದ್ದರೆ ಎರಡು ಪ್ರಶ್ನೆ ಕೇಳುತ್ತೇನೆ. ಅಡ್ಡಡ್ಡ ಯಾಕೆ ಗುಣಿಸಬೇಕು? ಮೂರು ಭಿನ್ನರಾಶಿ ಕೊಟ್ಟರೆ ಚಿಟ್ಟೆ ಎಲ್ಲಿ ಕೂರುತ್ತದೆ? ಇವೆರಡಕ್ಕೂ ಉತ್ತರ ಸಿದ್ಧವಿದ್ದರೆ ತೋರಿಸಿ.

ಹೊಸಮೇಡಂ

ಸರ್, ತುಂಬಾ ಥ್ಯಾಂಕ್ಸ್. ಆದರೆ ಲಸಾಅ ನೆನಪಿಸದೆ ಹೇಗೆ ಕೂಡಿಸುವುದು? ಮಕ್ಕಳಿಗೆ ಅದು ಮರೆತಿದ್ದರೆ?

ಸೀಮೆಸುಣ್ಣ

ಲಸಾಅ ಅನ್ನುವ ಹೆಸರು ಹೇಳದೆಯೇ ಅದರ ಅಗತ್ಯ ತೋರಿಸಬಹುದು. ನಾನು ಹೇಗೆ ಮಾಡುತ್ತೇನೆ ಅಂತ ಬರೆಯುತ್ತೇನೆ, ಬೇಕಾದ್ದನ್ನು ತೆಗೆದುಕೊಳ್ಳಿ.

ಒಳಗೆ ಹೋಗಿ ನಮಸ್ಕಾರ ಹೇಳಿ ಬೋರ್ಡ್ ಮೇಲೆ 1/2 + 1/3 ಅಂತ ಬರೆಯಿರಿ. "ಎಷ್ಟಿರಬಹುದು? ಲೆಕ್ಕ ಮಾಡಬೇಡಿ, ಸುಮ್ನೆ ಅಂದಾಜು ಹೇಳಿ." ಪ್ಯಾನೆಲ್‌ನಲ್ಲಿ ಯಾರಾದರೂ ಬೇಕಂತಲೇ 2/5 ಅನ್ನುತ್ತಾರೆ. ಅವರು ಅನ್ನದಿದ್ದರೆ ನೀವೇ "ಹೋದ ತರಗತಿಯಲ್ಲಿ ಒಬ್ಬರು 2/5 ಅಂದರು" ಅಂತ ಹೇಳಿ. ಅದನ್ನು ಬೋರ್ಡಿನ ಎಡ ಮೂಲೆಯಲ್ಲಿ ಬರೆದು ಹಾಗೇ ಬಿಡಿ. ಸರಿ ಅನ್ನಬೇಡಿ, ತಪ್ಪು ಅಂತಲೂ ಅನ್ನಬೇಡಿ.

ಈಗ ಕೇಳಿ: "ನನ್ನ ಹತ್ತಿರ ಅರ್ಧ ಇದೆ. ಅದಕ್ಕೆ ಇನ್ನಷ್ಟು ಸೇರಿಸಿದೆ. ಉತ್ತರ ಅರ್ಧಕ್ಕಿಂತ ಜಾಸ್ತಿಯೋ ಕಮ್ಮಿಯೋ?" ಜಾಸ್ತಿ ಅನ್ನುತ್ತಾರೆ. "ಹಾಗಾದರೆ 2/5 ಅರ್ಧಕ್ಕಿಂತ ಜಾಸ್ತಿಯೋ ಕಮ್ಮಿಯೋ?" ಇಲ್ಲಿ ಸ್ವಲ್ಪ ಹೊತ್ತು ಸುಮ್ಮನಿರಿ. ಅರ್ಧ ಅಂದರೆ 2/4. ಎರಡರಲ್ಲೂ ತುಂಡು ಎರಡೆರಡೇ. ಆದರೆ ಐದು ಪಾಲು ಮಾಡಿದಾಗ ಸಿಗುವ ತುಂಡು ನಾಲ್ಕು ಪಾಲಿನ ತುಂಡಿಗಿಂತ ಚಿಕ್ಕದು. ಅಂದರೆ 2/5 ಅರ್ಧಕ್ಕಿಂತ ಕಮ್ಮಿ. ಸೇರಿಸಿದ ಮೇಲೆ ಕಮ್ಮಿಯಾಗಲು ಸಾಧ್ಯವೇ? ಇಷ್ಟಕ್ಕೆ ಮೂರು ನಿಮಿಷ ಸಾಕು. ಒಂದೂ ಲೆಕ್ಕ ಮಾಡದೆ ಮಗುವಿಗೆ ತನ್ನ ಉತ್ತರದ ಮೇಲೆ ತಾನೇ ಅನುಮಾನ ಬಂದಿರುತ್ತದೆ.

ಆಮೇಲೆ ಕಾಗದದ ಪಟ್ಟಿ. 60 ಸೆಂ.ಮೀ. ಉದ್ದದ ದಪ್ಪ ಕಾಗದದ ಪಟ್ಟಿ ಮಾಡಿಕೊಳ್ಳಿ, ಅದೇ "ಪೂರ್ತಿ". 60 ಯಾಕೆ ಅಂದರೆ ಅರ್ಧ 30, ಮೂರನೇ ಒಂದು 20, ನಾಲ್ಕನೇ ಒಂದು 15, ಆರನೇ ಒಂದು 10. ಎಲ್ಲವೂ ಸರಿಯಾಗಿ ಬರುತ್ತವೆ, ದೂರದಿಂದಲೂ ಕಾಣುತ್ತವೆ. ಬೇರೆ ಬೇರೆ ಬಣ್ಣದಲ್ಲಿ 30ರ ತುಂಡು ಮತ್ತು 20ರ ತುಂಡು ಬೋರ್ಡಿಗೆ ಅಂಟಿಸಿ. ಒಂದರ ಪಕ್ಕ ಇನ್ನೊಂದು. "ಒಟ್ಟು ಇಷ್ಟುದ್ದ ಬಂತು. ಇದು ಪೂರ್ತಿಯಲ್ಲಿ ಎಷ್ಟು ಭಾಗ? ಯಾವ ತುಂಡಿನಿಂದ ಅಳೆಯೋಣ?"

ಮೊದಲು 15ರ ತುಂಡು ಕೊಡಿ, ಅಂದರೆ ನಾಲ್ಕನೇ ಒಂದು. ಅರ್ಧದ ಮೇಲೆ ಸರಿಯಾಗಿ ಎರಡು ಸಲ ಕೂರುತ್ತದೆ. ಇನ್ನೊಂದರ ಮೇಲೆ ಒಂದು ಸಲ ಕೂತು 5 ಸೆಂ.ಮೀ. ಉಳಿಯುತ್ತದೆ. ಆಗಲಿಲ್ಲ. ಈಗ 10ರ ತುಂಡು. ಅರ್ಧದಲ್ಲಿ ಮೂರು ಸಲ, ಮೂರನೇ ಒಂದರಲ್ಲಿ ಎರಡು ಸಲ. ಒಟ್ಟು ಐದು. ಪೂರ್ತಿ ಪಟ್ಟಿಯಲ್ಲಿ ಅಂಥವು ಆರು. 5/6. ಆಗ ಬೋರ್ಡ್ ಮೇಲೆ 3/6 + 2/6 = 5/6 ಅಂತ ಬರೆಯಿರಿ. "2ಕ್ಕೂ ಸರಿಹೋಗಬೇಕು, 3ಕ್ಕೂ ಸರಿಹೋಗಬೇಕು, ಅಂಥ ಸಂಖ್ಯೆ ಯಾವುದು?" ಅಂತ ಕೇಳಿದರೆ ಲಸಾಅ ನೆನಪಿರುವ ಮಗು ತಾನೇ ಹೇಳುತ್ತದೆ.

ಸರಿಹೋಗದ ಆ 15ರ ತುಂಡನ್ನು ಬಿಡಬೇಡಿ. ಪಾಠದ ಜೀವ ಇರುವುದೇ ಅಲ್ಲಿ. ನೇರ 10ರ ತುಂಡು ತೆಗೆದರೆ "ಮೇಡಂಗೆ ಮೊದಲೇ ಗೊತ್ತಿತ್ತು" ಅಂತ ಮಗು ಸುಮ್ಮನಾಗುತ್ತದೆ.

ಟ್ಯೂಷನ್ ಅಕ್ಕ

ಒಳ್ಳೆಯ ಚರ್ಚೆ. ನಾನೂ ಮನೆಯಲ್ಲಿ ಡೆಮೊ ಕ್ಲಾಸ್ ಕೊಡುತ್ತೇನೆ, ಉಚಿತವಾಗಿ. ಮಕ್ಕಳು ಚೆನ್ನಾಗಿದೆ ಅನ್ನುತ್ತಾರೆ, ಆದರೆ ಅಪ್ಪ ಅಮ್ಮ ಆಮೇಲೆ ಫೋನೇ ಮಾಡುವುದಿಲ್ಲ. ಡೆಮೊ ಮುಗಿದ ಕೂಡಲೇ ಫೀಸ್ ಮಾತು ತೆಗೆಯಬೇಕಾ?

ಕಡೆಬೆಂಚು

ಅಕ್ಕಾ, ಇವರು ಕೇಳುತ್ತಿರುವುದು ಕೆಲಸಕ್ಕೆ ಸೇರುವ ಡೆಮೊ. ನಿಮ್ಮದು ಬೇರೆ. ಹೊಸ ಚರ್ಚೆ ಶುರು ಮಾಡಿ, ಅಲ್ಲಿ ಬರ್ತೀನಿ.

ಟ್ಯೂಷನ್ ಅಕ್ಕ

ಓ, ಸರಿ ಸರಿ. ಆದರೂ ಆ ಪಟ್ಟಿ ಉಪಾಯ ನಾಳೆಯೇ ಮಾಡಿ ನೋಡ್ತೀನಿ.

ರಸಾಯನದವಳು

ನಾನು ರಸಾಯನಶಾಸ್ತ್ರದವಳು, ಆದರೂ ಕೇಳುತ್ತೇನೆ. ನನ್ನ ಡೆಮೊದಲ್ಲಿ ವಿಷಯ ಸಮೀಕರಣ ಸರಿದೂಗಿಸುವುದಿತ್ತು. ಪ್ರಶ್ನೆ ಕೇಳಿದರೆ ಪ್ಯಾನೆಲ್‌ನವರು ಕಲ್ಲಿನ ಹಾಗೆ ಕೂತಿದ್ದರು. ಒಬ್ಬರು ಪೇಪರ್ ನೋಡುತ್ತಿದ್ದರು, ಇನ್ನೊಬ್ಬರು ಫೋನ್. "ಮಕ್ಕಳೇ ಹೇಳಿ" ಅಂದರೆ ಯಾರೂ ಬಾಯಿ ಬಿಡಲಿಲ್ಲ. ಪಾಠದಲ್ಲಿ ಪ್ರಶ್ನೆ ಇರಬೇಕು ಅಂತ ಎಲ್ಲರೂ ಹೇಳುತ್ತಾರೆ. ಉತ್ತರ ಬರದಿದ್ದರೆ ಏನು ಮಾಡಬೇಕು ಅಂತ ಯಾರೂ ಹೇಳುವುದಿಲ್ಲ.

ಸೀಮೆಸುಣ್ಣ

ಇದು ನಿಜವಾದ ಕಷ್ಟ. ಕೆಲವು ಪ್ಯಾನೆಲ್‌ಗಳು ಬೇಕಂತಲೇ ಹಾಗೆ ಕೂರುತ್ತವೆ, ಕೆಲವಕ್ಕೆ ಸುಮ್ಮನೆ ಆಸಕ್ತಿ ಇರುವುದಿಲ್ಲ. ಎರಡಕ್ಕೂ ಉಪಾಯ ಒಂದೇ.

ಪ್ರಶ್ನೆಯನ್ನು ಬಾಯಿ ಬಿಡದೆಯೂ ಉತ್ತರಿಸುವ ಹಾಗೆ ಮಾಡಿ. "ಭಿನ್ನರಾಶಿ ಬಗ್ಗೆ ಏನು ಗೊತ್ತು?" ಅಂತ ಕೇಳಿದರೆ ಯಾರೂ ಮಾತಾಡುವುದಿಲ್ಲ. "2/5 ಅರ್ಧಕ್ಕಿಂತ ಜಾಸ್ತಿ ಅನ್ನುವವರು ಕೈ ಎತ್ತಿ, ಕಮ್ಮಿ ಅನ್ನುವವರು ಕೈ ಕಟ್ಟಿ" ಅಂದರೆ ಫೋನ್ ನೋಡುವವರೂ ಏನೋ ಒಂದು ಮಾಡುತ್ತಾರೆ. ಆದರೂ ಕೈ ಎತ್ತಲಿಲ್ಲವೇ? ಉತ್ತರವನ್ನು ಇಲ್ಲದ ಮಗುವಿನ ಬಾಯಲ್ಲಿ ಇಡಿ. "ಒಬ್ಬ ಹುಡುಗ ಜಾಸ್ತಿ ಅಂದ, ಯಾಕೆ ಅಂದರೆ 5 ದೊಡ್ಡದು ಅಂದ. ಅವನಿಗೆ ಏನು ಹೇಳೋಣ?" ಪಾಠ ಮುಂದೆ ಹೋಗುತ್ತದೆ. ಮಕ್ಕಳು ಎಲ್ಲಿ ಎಡವುತ್ತಾರೆ ಅನ್ನುವುದು ನಿಮಗೆ ಗೊತ್ತಿದೆ ಅಂತ ಪ್ಯಾನೆಲ್‌ಗೂ ಕಾಣುತ್ತದೆ.

ಇನ್ನೊಂದು ವಿಷಯ, ಪ್ರಶ್ನೆ ಕೇಳಿ ಕಾಯಿರಿ. ಮೇರಿ ಬಡ್ ರೋ ಅನ್ನುವ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ಇದನ್ನು ಅಳೆದು ತೋರಿಸಿದ್ದಾರೆ. ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನೆ ಕೂತವರೂ ಮಾತಾಡತೊಡಗಿದರು. ಡೆಮೊದಲ್ಲಿ ಗಾಬರಿಗೆ ಮೂರು ಸೆಕೆಂಡು ಮೂರು ನಿಮಿಷದ ಥರ ಅನ್ನಿಸುತ್ತದೆ. ಮನಸ್ಸಿನಲ್ಲೇ ಎಣಿಸಿ.

ಲೆಕ್ಕದಹುಳ

ನಾನು ಶಿಕ್ಷಕನಲ್ಲ, ಗಣಿತದ ಗೀಳು ಇರುವವನು. ಸೀಮೆಸುಣ್ಣ ಸರ್ ಹೇಳಿದ ಅಂದಾಜಿಗೆ ಒಂದು ಮಾತು ಸೇರಿಸುತ್ತೇನೆ. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದರೆ ಬರುವ ಉತ್ತರ ಯಾವಾಗಲೂ ಆ ಎರಡು ಭಿನ್ನರಾಶಿಗಳ ನಡುವೆಯೇ ಇರುತ್ತದೆ. 2/5 ಇರುವುದು 1/3 ಮತ್ತು 1/2ರ ನಡುವೆ. ಹಾಗಾಗಿ "ದೊಡ್ಡದಕ್ಕಿಂತ ಕಮ್ಮಿ ಆಯಿತಲ್ಲ" ಅನ್ನುವ ಪರೀಕ್ಷೆ ಬರೀ ಈ ಲೆಕ್ಕಕ್ಕಲ್ಲ, ಛೇದ ಬೇರೆ ಬೇರೆ ಇದ್ದು ಬೆಲೆಯೂ ಬೇರೆ ಇರುವ ಯಾವ ಎರಡನ್ನು ತೆಗೆದುಕೊಂಡರೂ ಕೆಲಸ ಮಾಡುತ್ತದೆ. ಮೇಡಂ ಬೇರೆ ಉದಾಹರಣೆ ಬಳಸಿದರೂ ಕೈ ಕೊಡುವುದಿಲ್ಲ.

ಈಗ ತಂಟೆ ಪ್ರಶ್ನೆ. ನಾನು ಪ್ಯಾನೆಲ್‌ನಲ್ಲಿದ್ದರೆ ಇದನ್ನೇ ಕೇಳುತ್ತಿದ್ದೆ:

"ಮೇಡಂ, ಮೊದಲ ಟೆಸ್ಟಿನಲ್ಲಿ 2 ಪ್ರಶ್ನೆಗೆ 1 ಸರಿ ಮಾಡಿದೆ. ಎರಡನೇ ಟೆಸ್ಟಿನಲ್ಲಿ 3 ಪ್ರಶ್ನೆಗೆ 1 ಸರಿ. ಒಟ್ಟು 5ಕ್ಕೆ 2 ಸರಿ. ಅಂದರೆ 1/2 ಮತ್ತು 1/3 ಸೇರಿ 2/5 ಆಯಿತಲ್ಲ? ನೀವು ತಪ್ಪು ಅಂದಿರಲ್ಲ?"

ಹೊಸಮೇಡಂ

ಅಯ್ಯೋ ಸರ್. ಇದನ್ನು ಓದಿ ಅರ್ಧ ಗಂಟೆ ಕೂತೆ. 5ಕ್ಕೆ 2 ಅನ್ನುವುದು ಸರಿಯೇ ಅಲ್ವಾ? ಏನು ಹೇಳಬೇಕು?

ಕಡೆಬೆಂಚು

"ಅದು ಬೇರೆ ಪಾಠ, ಮುಂದಿನ ವಾರ ಹೇಳ್ತೀನಿ, ಕೂತ್ಕೊ" ಅನ್ನಿ.

ಸೀಮೆಸುಣ್ಣ

ಹಾಗೆ ಅಂದರೆ ಡೆಮೊ ಅಲ್ಲಿಗೇ ಮುಗಿಯಿತು ಅಂದುಕೊಳ್ಳಿ. ಇದು ತಂಟೆ ಪ್ರಶ್ನೆ ಅಲ್ಲ, ಒಳ್ಳೆಯ ಮಗುವಿನ ಪ್ರಶ್ನೆ. ನಿಜವಾದ ತರಗತಿಯಲ್ಲೂ ಬರುತ್ತದೆ.

ಮೊದಲು ಮಗು ಹೇಳಿದ್ದರಲ್ಲಿ ಸರಿ ಇರುವುದನ್ನು ಒಪ್ಪಿಕೊಳ್ಳಿ. 5ಕ್ಕೆ 2 ಖಂಡಿತ ಸರಿ. ಆಮೇಲೆ ವಾಪಸ್ ಕೇಳಿ: "ಆ ಅರ್ಧ ಯಾವುದರ ಅರ್ಧ?" ಎರಡು ಪ್ರಶ್ನೆಯ ಅರ್ಧ. "ಆ ಮೂರನೇ ಒಂದು?" ಮೂರು ಪ್ರಶ್ನೆಯದು. "2/5?" ಐದು ಪ್ರಶ್ನೆಯದು. ಪೂರ್ತಿ ಅನ್ನುವುದು ಮೂರು ಸಲ ಬದಲಾಯಿತು. ನಮ್ಮ ಪಟ್ಟಿಯಲ್ಲಿ ಪೂರ್ತಿ ಒಂದೇ, 60 ಸೆಂ.ಮೀ. ಭಿನ್ನರಾಶಿ ಕೂಡಿಸುವಾಗ ಪೂರ್ತಿ ಬದಲಾಗಬಾರದು.

ಲೆಕ್ಕದಹುಳ

ಸರ್ ಉತ್ತರ ಸರಿ. ಆದರೆ ಆರನೇ ತರಗತಿ ಮಗುವಿಗೆ "ಪೂರ್ತಿ ಬದಲಾಯಿತು" ಅಂದರೆ ಪಟ್ಟನೆ ಹೊಳೆಯುತ್ತದೋ ಇಲ್ಲವೋ. ಇದಕ್ಕಿಂತ ಬೇಗ ತಾಗುವುದು ಒಂದಿದೆ.

"ಸರಿ ಕಣಪ್ಪಾ, ಎರಡೂ ಟೆಸ್ಟಿನಲ್ಲಿ ಎಲ್ಲವೂ ಸರಿ ಮಾಡಿದೆ ಅಂದುಕೋ. 2ಕ್ಕೆ 2, 3ಕ್ಕೆ 3. ಒಟ್ಟು ಎಷ್ಟು?" 5ಕ್ಕೆ 5. "5/5 ಅಂದರೆ?" ಒಂದು. "2/2 ಅಂದರೆ?" ಒಂದು. "3/3?" ಒಂದು. "ಒಂದಕ್ಕೆ ಒಂದು ಕೂಡಿಸಿದರೆ ಒಂದಾ?"

ಇಷ್ಟೇ. ಟೆಸ್ಟಿನ ಅಂಕ ಒಟ್ಟು ಮಾಡುವುದು ಬೇರೆ ಕೆಲಸ, ಭಿನ್ನರಾಶಿ ಕೂಡಿಸುವುದು ಬೇರೆ ಕೆಲಸ ಅಂತ ಮಗುವೇ ಹೇಳುತ್ತದೆ. ಅರ್ಧ ನಿಮಿಷವೂ ಬೇಡ. ಆಮೇಲೆ ಸರ್ ಹೇಳಿದ "ಯಾವುದರ ಅರ್ಧ" ಕೇಳಿದರೆ ಕಾರಣವೂ ಸಿಗುತ್ತದೆ.

ಸೀಮೆಸುಣ್ಣ

ಇದು ನನ್ನದಕ್ಕಿಂತ ಚೆನ್ನಾಗಿದೆ. ನಾಳೆಯಿಂದ ನಾನೂ ಇದನ್ನೇ ಬಳಸುತ್ತೇನೆ.

ನಿವೃತ್ತ ಹೆಡ್‌ಮಾಸ್ಟರ್

ಚರ್ಚೆ ಓದಿದೆ. ಒಂದು ಎಚ್ಚರಿಕೆ. ಲಸಾಅ ತೆಗೆಯದೆ ಸುಮ್ಮನೆ ಛೇದಗಳನ್ನು ಗುಣಿಸಲು ಮಕ್ಕಳಿಗೆ ಬಿಡಬೇಡಿ. ಅದು ತಪ್ಪು ವಿಧಾನ. ಪ್ಯಾನೆಲ್‌ನವರು ಅದಕ್ಕೆ ಅಂಕ ಕಳೆಯುತ್ತಾರೆ. ನಮ್ಮ ಕಾಲದಲ್ಲಿ ನಾವು ಬಿಡುತ್ತಲೇ ಇರಲಿಲ್ಲ.

ಲೆಕ್ಕದಹುಳ

ಸರ್, ಕ್ಷಮಿಸಿ, ತಪ್ಪು ಅನ್ನಲು ಆಗುವುದಿಲ್ಲ. 1/4 + 1/6 ತೆಗೆದುಕೊಳ್ಳಿ. ಗುಣಿಸಿದರೆ ಛೇದ 24. 6/24 + 4/24 = 10/24, ಅಂದರೆ 5/12. ಲಸಾಅ 12 ತೆಗೆದರೆ 3/12 + 2/12 = 5/12. ಎರಡೂ ಒಂದೇ. ಲಸಾಅ ತೆಗೆದರೆ ಸಂಖ್ಯೆಗಳು ಚಿಕ್ಕದಾಗಿರುತ್ತವೆ, ಕೊನೆಯಲ್ಲಿ ಸಂಕ್ಷೇಪಿಸುವ ಕೆಲಸ ಕಮ್ಮಿಯಾಗುತ್ತದೆ, ಅಷ್ಟೇ.

ನಿವೃತ್ತ ಹೆಡ್‌ಮಾಸ್ಟರ್

ಉತ್ತರ ಒಂದೇ ಬರುತ್ತದೆ ಅಂತ ನನಗೂ ಗೊತ್ತು. ಅಭ್ಯಾಸ ಕೆಡುತ್ತದೆ ಅನ್ನುವುದು ನನ್ನ ವಾದ. ಮೂರು ಭಿನ್ನರಾಶಿ ಕೊಟ್ಟಾಗ ಛೇದ ನೂರಾರಕ್ಕೆ ಹೋಗಿ ಮಗು ಗುಣಾಕಾರದಲ್ಲೇ ತಪ್ಪು ಮಾಡುತ್ತದೆ.

ಸೀಮೆಸುಣ್ಣ

ಹೆಡ್‌ಮಾಸ್ಟರ್ ಸರ್ ಹೇಳುವ ತೊಂದರೆ ನಿಜ. ಆದರೆ "ತಪ್ಪು" ಅನ್ನುವ ಪದ ಡೆಮೊದಲ್ಲಿ ಬಾಯಿಗೆ ಬರದಿರಲಿ. ಮೇಡಂ, ಒಬ್ಬರು ಪ್ಯಾನೆಲ್‌ನಲ್ಲಿ "ನಾನು ಸುಮ್ನೆ ಎರಡೂ ಛೇದ ಗುಣಿಸಿದೆ, ತಪ್ಪಾ?" ಅಂತ ಖಂಡಿತ ಕೇಳುತ್ತಾರೆ. ಅಂದಹಾಗೆ, 1/2 + 1/3ರಲ್ಲಿ ಗುಣಿಸಿದರೂ 6, ಲಸಾಅವೂ 6. ವ್ಯತ್ಯಾಸ ಅಲ್ಲಿ ಕಾಣುವುದಿಲ್ಲ. ಅದಕ್ಕೇ 1/4 + 1/6 ಜೇಬಿನಲ್ಲಿರಲಿ, ಕೇಳಿದರೆ ಮಾತ್ರ ತೆಗೆಯಿರಿ.

ಹೊಸಮೇಡಂ

ಈಗ ಸ್ವಲ್ಪ ಧೈರ್ಯ ಬಂತು. ಇನ್ನೊಂದು ಸಂಶಯ. ಪಾಠದ ಮಧ್ಯೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ? "ಗೊತ್ತಿಲ್ಲ, ನೋಡಿಕೊಂಡು ಬಂದು ಹೇಳ್ತೀನಿ" ಅನ್ನಬಹುದಾ?

ರಸಾಯನದವಳು

ಅನ್ನಿ. ಸುಳ್ಳು ಹೇಳುವುದಕ್ಕಿಂತ ಅದು ಮೇಲು. ನನ್ನ ಜೊತೆ ಕೆಲಸ ಮಾಡುವ ಒಬ್ಬರು ಹಾಗೇ ಹೇಳಿ ಆಯ್ಕೆಯಾದರು.

ನಿವೃತ್ತ ಹೆಡ್‌ಮಾಸ್ಟರ್

ಒಂದು ಸಲಕ್ಕೆ ಸರಿ. ಆರನೇ ತರಗತಿ ಭಿನ್ನರಾಶಿಯಲ್ಲೇ ಗೊತ್ತಿಲ್ಲ ಅಂದರೆ ನಾನಂತೂ ತೆಗೆದುಕೊಳ್ಳುವುದಿಲ್ಲ. ಪಠ್ಯದ ಹೊರಗಿನದಕ್ಕೆ ಬೇಕಾದರೆ ಹೇಳಲಿ.

ಸೀಮೆಸುಣ್ಣ

ಇದರಲ್ಲಿ ಪ್ಯಾನೆಲ್‌ನಿಂದ ಪ್ಯಾನೆಲ್‌ಗೆ ಅಭಿಪ್ರಾಯ ಬೇರೆ. ನಾನು ರಸಾಯನದ ಮೇಡಂ ಕಡೆ. ಆದರೆ ಬರೀ "ನೋಡಿಕೊಂಡು ಬರ್ತೀನಿ" ಅಂದರೆ ತಪ್ಪಿಸಿಕೊಂಡ ಹಾಗಿರುತ್ತದೆ. ಪ್ರಶ್ನೆಯನ್ನು ಬೋರ್ಡಿನ ಬಲ ಮೂಲೆಯಲ್ಲಿ ಬರೆಯಿರಿ. ಅದರಲ್ಲಿ ನಿಮಗೆ ಎಷ್ಟು ಗೊತ್ತು, ಎಲ್ಲಿಂದ ಗೊತ್ತಿಲ್ಲ ಅಂತ ಒಂದು ವಾಕ್ಯ ಹೇಳಿ. ಮುಂದೆ ಹೋಗಿ.

ಅದಕ್ಕಿಂತ ಮುಖ್ಯವಾದ ವಿಷಯ ಬೇರೆ ಇದೆ. ಪ್ರಶ್ನೆ ಕೇಳುತ್ತಿರುವುದು ಮಗುವೋ ದೊಡ್ಡವರೋ ಅಂತ ಗುರುತಿಸಿ. "ಮಿಸ್, 6 ಎಲ್ಲಿಂದ ಬಂತು?" ಅನ್ನುವುದು ಮಗುವಿನ ಪ್ರಶ್ನೆ. ಅದಕ್ಕೆ ಪಟ್ಟಿ ತೋರಿಸಿ ಉತ್ತರ. "ಮಗ್ಗಿಯೇ ಬಾರದ ಮಕ್ಕಳು ಅರ್ಧ ತರಗತಿ ಇದ್ದರೆ ಏನು ಮಾಡುತ್ತೀರಿ?" ಅನ್ನುವುದು ಸಹೋದ್ಯೋಗಿಯ ಪ್ರಶ್ನೆ. ಅದಕ್ಕೆ ಶಿಕ್ಷಕರ ಹಾಗೆ ಉತ್ತರ: ಅವರಿಗೆ ಮೊದಲು 1/2 + 1/4 ಕೊಡುತ್ತೇನೆ, ಅಲ್ಲಿ ಒಂದನ್ನು ಮಾತ್ರ ಬದಲಿಸಿದರೆ ಸಾಕು, ಪಟ್ಟಿ ಅವರ ಕೈಗೇ ಕೊಡುತ್ತೇನೆ. ಎಷ್ಟೋ ಜನ ಇಲ್ಲೇ ಕೆಡಿಸಿಕೊಳ್ಳುತ್ತಾರೆ. ಮಗುವಿನ ಪ್ರಶ್ನೆಗೆ ಸಿದ್ಧಾಂತ ಹೇಳುತ್ತಾರೆ, ದೊಡ್ಡವರ ಪ್ರಶ್ನೆಗೆ "ಮಕ್ಕಳೇ ನೋಡಿ" ಅಂತ ಶುರು ಮಾಡುತ್ತಾರೆ.

ಮಗುವಿನ ಪ್ರಶ್ನೆಗೂ ಒಂದು ನಿಮಿಷದ ಮಿತಿ ಇರಲಿ. ಅಷ್ಟರಲ್ಲಿ ಮುಗಿಯದಿದ್ದರೆ ಅದೂ ಬಲ ಮೂಲೆಗೆ.

ಹೊಸಮೇಡಂ

ಹೊಸ ಪ್ಲಾನ್ ಹೀಗೆ ಮಾಡಿದೆ. ಮೊದಲ 4 ನಿಮಿಷ ಅಂದಾಜು ಮತ್ತು 2/5ರ ಅನುಮಾನ. ಆಮೇಲೆ 5 ನಿಮಿಷ ಪಟ್ಟಿ. ನಂತರ 3 ನಿಮಿಷ 2/3 + 1/4, ಮಕ್ಕಳೇ ಹೇಳುತ್ತಾರೆ, ನಾನು ಬರೆಯುತ್ತೇನೆ. ಕೊನೆಯ 3 ನಿಮಿಷ ಒಂದು ಪ್ರಶ್ನೆ: "ಒಬ್ಬಳು 1/3 + 1/4 = 2/7 ಅಂತ ಬರೆದಿದ್ದಾಳೆ. ಕೂಡಿಸದೆಯೇ ಇದು ತಪ್ಪು ಅಂತ ಹೇಗೆ ಹೇಳ್ತೀರಿ?" ಹತ್ತಕ್ಕೇ ನಿಲ್ಲಿಸಿದರೂ ಪಟ್ಟಿ ಮುಗಿದಿರುತ್ತದೆ. ಸರಿಯಾ?

ಸೀಮೆಸುಣ್ಣ

ಈಗ ಪಾಠದ ಹಾಗಿದೆ. ಕೊನೆಯ ಪ್ರಶ್ನೆ ತುಂಬಾ ಚೆನ್ನಾಗಿದೆ. 1/3 ಅಂದರೆ 2/6, 2/7 ಅದಕ್ಕಿಂತ ಚಿಕ್ಕದು ಅಂತ ಮಗು ಹೇಳಿದರೆ ಪಾಠ ತಲುಪಿತು. ಲೆಕ್ಕ ಮಾಡಿ 7/12 ಅಂತ ಮಾತ್ರ ಹೇಳಿದರೆ ವಿಧಾನ ಬಂದಿದೆ, ವಿಷಯ ಇನ್ನೂ ತಲುಪಿಲ್ಲ. ಮುಗಿದ ಮೇಲೆ "ನಿಮ್ಮ ಪಾಠ ತಲುಪಿತು ಅಂತ ಹೇಗೆ ಗೊತ್ತು?" ಅಂತ ಕೇಳಿದರೆ ಇದೇ ನಿಮ್ಮ ಉತ್ತರ.

2/3 + 1/4ಕ್ಕೆ ಪಟ್ಟಿ ಬೇಕಾದರೆ 5 ಸೆಂ.ಮೀ. ತುಂಡು ಮಾಡಿಟ್ಟುಕೊಳ್ಳಿ. 40ರಲ್ಲಿ ಎಂಟು, 15ರಲ್ಲಿ ಮೂರು, ಒಟ್ಟು 11/12.

ನಿವೃತ್ತ ಹೆಡ್‌ಮಾಸ್ಟರ್

ನನಗೆ ಒಂದು ಒಪ್ಪಿಗೆಯಿಲ್ಲ. ತಪ್ಪು ಉತ್ತರವನ್ನು ಬೋರ್ಡ್ ಮೇಲೆ ಬರೆದು ಅಷ್ಟು ಹೊತ್ತು ಬಿಡುವುದು. ಮಕ್ಕಳು ಬೋರ್ಡಿನಲ್ಲಿದ್ದದ್ದನ್ನೆಲ್ಲ ಪುಸ್ತಕಕ್ಕೆ ಇಳಿಸುತ್ತಾರೆ. ಮನೆಗೆ ಹೋದಾಗ ಪುಸ್ತಕದಲ್ಲಿ 2/5 ಇರುತ್ತದೆ.

ಸೀಮೆಸುಣ್ಣ

ಇದನ್ನು ತಳ್ಳಿಹಾಕುವುದಿಲ್ಲ ಸರ್. ನಾನು ಅದರ ಮುಂದೆ ಪ್ರಶ್ನೆ ಚಿಹ್ನೆ ಹಾಕುತ್ತೇನೆ, ಪಟ್ಟಿ ಮುಗಿದ ಮೇಲೆ ಒಬ್ಬ ಹುಡುಗನಿಂದಲೇ ಅಡ್ಡಗೆರೆ ಎಳೆಸುತ್ತೇನೆ. ಆದರೂ ಬರೆದುಕೊಳ್ಳುವವರು ಇದ್ದೇ ಇರುತ್ತಾರೆ.

ರಸಾಯನದವಳು

ನಾನು ಬಾಯಲ್ಲಿ ಮಾತ್ರ ಹೇಳಿಸುತ್ತೇನೆ, ಬರೆಯುವುದಿಲ್ಲ. ಆದರೆ ಬರೆಯದಿದ್ದರೆ ಹತ್ತು ನಿಮಿಷದ ನಂತರ ಯಾರಿಗೂ ನೆನಪಿರುವುದಿಲ್ಲ, ಅದೂ ನಿಜ.

ಹೊಸಮೇಡಂ

ಪ್ರಶ್ನೆ ಚಿಹ್ನೆ ಹಾಕಿ ಬರೆಯುತ್ತೇನೆ. ಕೊನೆಯ ಸಂಶಯ. ಬೋರ್ಡಿಗೆ ಪಟ್ಟಿ ಅಂಟಿಸಲು ಬಿಡದಿದ್ದರೆ, ಅಥವಾ ಅಂಟದೇ ಬಿದ್ದರೆ?

ಟ್ಯೂಷನ್ ಅಕ್ಕ

ನಾನು ಇವತ್ತು ಮಾಡಿ ನೋಡಿದೆ, ನನ್ನ ಪಟ್ಟಿ ಬಿತ್ತು. ಸುಣ್ಣದ ಪುಡಿ ಇರುವ ಕಡೆ ಟೇಪ್ ಹಿಡಿಯುವುದಿಲ್ಲ. ಆ ಜಾಗ ಮೊದಲು ಒರೆಸಬೇಕು. ಟೇಪನ್ನೂ ಮೊದಲೇ ತುಂಡು ಮಾಡಿ ಮೇಜಿನ ಅಂಚಿಗೆ ಅಂಟಿಸಿಟ್ಟುಕೊಳ್ಳಿ, ಪಾಠದ ಮಧ್ಯೆ ಹಲ್ಲಿನಿಂದ ಕಚ್ಚುವುದು ಚೆನ್ನಾಗಿರಲ್ಲ.

ಸೀಮೆಸುಣ್ಣ

ಅಕ್ಕ ಹೇಳಿದ್ದು ಸರಿ. ಬಿದ್ದೇ ಬಿದ್ದರೆ ಎತ್ತಿಕೊಳ್ಳಲು ಹೋಗಬೇಡಿ. ಬೋರ್ಡ್ ಮೇಲೆ ಆರು ಗೇಣು ಉದ್ದದ ಪಟ್ಟಿ ಬರೆಯಿರಿ. ಅರ್ಧ ಮೂರು ಗೇಣು, ಮೂರನೇ ಒಂದು ಎರಡು ಗೇಣು. ನಾಲ್ಕನೇ ಒಂದು ಒಂದೂವರೆ ಗೇಣು, ಅದು ಎರಡು ಗೇಣಿನ ಮೇಲೆ ಸರಿಯಾಗಿ ಕೂರುವುದಿಲ್ಲ ಅಂತ ಕೈಯಲ್ಲೇ ಅಳೆದು ತೋರಿಸಿ. ಬೋರ್ಡ್ ಚಿಕ್ಕದಿದ್ದರೆ ಗೇಣಿನ ಬದಲು ನಾಲ್ಕು ಬೆರಳಿನ ಅಗಲ ಇಟ್ಟುಕೊಳ್ಳಿ.